ನಿಲ್ಲಲು ಆಗದವರ ನಮಾಜ್

ಶುಕ್ರವಾರ ಮಧ್ಯಾಹ್ನ ಯಾವುದೇ ಊರಿನ ಮಸೀದಿಗೆ ಹೋಗಿ ನೋಡಿ, ಸಾಲುಗಳ ಎರಡೂ ತುದಿಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಕಾಣುತ್ತವೆ. ಮಂಡಿ ಸವೆದವರು, ಸೊಂಟದ ಆಪರೇಷನ್ ಆದವರು, ತಲೆಸುತ್ತು ಬರುವವರು, ವಯಸ್ಸಾದವರು ಅವುಗಳ ಮೇಲೆ ಕೂತು ನಮಾಜ್ ಮಾಡುತ್ತಾರೆ. ಸ್ವಲ್ಪ ಗಮನಿಸಿದರೆ ಒಬ್ಬೊಬ್ಬರದೂ ಒಂದೊಂದು ರೀತಿ. ಒಬ್ಬರು ಮೊದಲಿನಿಂದ ಕೊನೆಯವರೆಗೂ ಕೂತೇ ಇರುತ್ತಾರೆ. ಇನ್ನೊಬ್ಬರು ನಿಂತು ಶುರುಮಾಡಿ ಸಜ್ದಾ ಬಂದಾಗ ಮಾತ್ರ ಕೂರುತ್ತಾರೆ. ಮತ್ತೊಬ್ಬರು ಸಜ್ದಾಕ್ಕೆ ಎರಡೂ ಕೈಗಳನ್ನು ಮುಂದೆ ಚಾಚಿ ಗಾಳಿಯಲ್ಲಿ ಹಿಡಿಯುತ್ತಾರೆ. ಇವುಗಳಲ್ಲಿ ಸರಿ ಯಾವುದು?

ಇದಕ್ಕೆ ಉತ್ತರ ಒಂದೇ ಸೂತ್ರದಲ್ಲಿದೆ. ನಮಾಜಿನಲ್ಲಿ ನಿಲ್ಲುವುದು, ಬಾಗುವುದು, ಹಣೆ ನೆಲಕ್ಕಿಡುವುದು, ಕೂರುವುದು ಎಂದು ಬೇರೆ ಬೇರೆ ಅಂಗಗಳಿವೆ. ಕಾಯಿಲೆ ಯಾವ ಅಂಗವನ್ನು ಅಸಾಧ್ಯ ಮಾಡಿದೆಯೋ ಅದಕ್ಕಷ್ಟೇ ರಿಯಾಯಿತಿ, ಉಳಿದದ್ದು ಉಳಿಯುತ್ತದೆ. 'ಕುರ್ಚಿ ನಮಾಜ್' ಎಂಬ ಬೇರೊಂದು ನಮಾಜ್ ಇಲ್ಲ. ಇರುವುದು ಒಂದೇ ನಮಾಜ್, ಅದನ್ನು ಮಾಡುವ ದೇಹದ ಶಕ್ತಿ ಮಾತ್ರ ಬೇರೆ ಬೇರೆ.

ಮೂಲವ್ಯಾಧಿಯ ರೋಗಿ ಕೇಳಿದ ಪ್ರಶ್ನೆ

ಪ್ರವಾದಿ ಮುಹಮ್ಮದರ (ಸ) ಸಂಗಡಿಗರಲ್ಲಿ ಇಮ್ರಾನ್ ಇಬ್ನ್ ಹುಸೈನ್ ಎಂಬವರಿದ್ದರು. ಅವರಿಗೆ ಮೂಲವ್ಯಾಧಿ ಇತ್ತು. ಈ ಸ್ಥಿತಿಯಲ್ಲಿ ನಮಾಜ್ ಹೇಗೆ ಮಾಡಲಿ ಎಂದು ಅವರು ಪ್ರವಾದಿಯವರನ್ನು ಕೇಳಿದರು. ಸಿಕ್ಕ ಉತ್ತರ ಮೂರು ಮೆಟ್ಟಿಲಿನದು: ನಿಂತು ಮಾಡಬೇಕು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ. ಸಹೀಹ್ ಬುಖಾರಿಯಲ್ಲಿರುವ ಈ ಹದೀಸಿನ ಮೇಲೆಯೇ ರೋಗಿಯ ನಮಾಜಿನ ನಿಯಮಗಳೆಲ್ಲ ನಿಂತಿವೆ. ಒಂದು ಮೆಟ್ಟಿಲು ಇಳಿಯಬೇಕಾದರೆ ಮೇಲಿನ ಮೆಟ್ಟಿಲು ನಿಜವಾಗಿಯೂ ಆಗದಂತಿರಬೇಕು.

ಪ್ರವಾದಿಯವರೂ ಕೂತು ನಮಾಜ್ ಮಾಡಿದ್ದುಂಟು. ಒಮ್ಮೆ ಕುದುರೆಯಿಂದ ಬಿದ್ದು ಅವರ ಬಲ ಮಗ್ಗುಲು ತರಚಿ ಹೋಗಿತ್ತು. ನೋಡಲು ಬಂದವರ ಮುಂದೆಯೇ ಅವರು ಕೂತು ನಮಾಜ್ ಮಾಡಿದರೆಂದು ಅನಸ್ ವರದಿ ಮಾಡಿದ್ದಾರೆ. ಕೊನೆಯ ಕಾಯಿಲೆಯಲ್ಲಿ ಇಬ್ಬರ ಹೆಗಲ ಆಸರೆಯಲ್ಲಿ, ಕಾಲು ನೆಲಕ್ಕೆ ಎಳೆದುಕೊಂಡು ಮಸೀದಿಗೆ ಬಂದು, ಅಬೂಬಕರ್ ಅವರ ಪಕ್ಕದಲ್ಲಿ ಕೂತು ನಮಾಜ್ ನೆರವೇರಿಸಿದರು. ವಯಸ್ಸಾದ ಮೇಲೆ ರಾತ್ರಿಯ ಐಚ್ಛಿಕ ನಮಾಜಿನಲ್ಲಿ ಕೂತೇ ಕುರ್‌ಆನ್ ಓದುತ್ತಿದ್ದರು, ಇನ್ನು 30 ಅಥವಾ 40 ಆಯತ್‌ಗಳು ಉಳಿದಿವೆ ಎನ್ನುವಾಗ ಎದ್ದು ನಿಂತು ಓದಿ ಆಮೇಲೆ ರುಕೂ ಮಾಡುತ್ತಿದ್ದರು ಎಂದು ಅವರ ಪತ್ನಿ ಆಯಿಶಾ ಹೇಳಿದ್ದಾರೆ. ನಿಲ್ಲಲಾಗುವಷ್ಟು ಹೊತ್ತು ನಿಂತು, ಉಳಿದ ಹೊತ್ತು ಕೂರುವ ಪದ್ಧತಿ ಹೊಸದೇನಲ್ಲ.

ಇಲ್ಲಿ ಎರಡು ಬಗೆಯ ನಮಾಜುಗಳನ್ನು ಬೇರ್ಪಡಿಸಿ ನೋಡಬೇಕು. ದಿನದ 5 ಕಡ್ಡಾಯ ನಮಾಜುಗಳಲ್ಲಿ, ಅಂದರೆ ಫರ್ಜ್‌ಗಳಲ್ಲಿ, ಶಕ್ತಿಯಿದ್ದವರು ನಿಲ್ಲಲೇಬೇಕು. ಕಾರಣವಿಲ್ಲದೆ ಕೂತರೆ ಆ ನಮಾಜ್ ಆಗುವುದೇ ಇಲ್ಲ. ನಫಿಲ್ ಎಂಬ ಐಚ್ಛಿಕ ನಮಾಜನ್ನು ಆರೋಗ್ಯವಂತರೂ ಕೂತು ಮಾಡಬಹುದು, ಆದರೆ ಪುಣ್ಯ ಅರ್ಧ. ಕಾಯಿಲೆಯಿಂದ ಕೂತವರ ಪುಣ್ಯ ಮಾತ್ರ ಎರಡರಲ್ಲೂ ಕಡಿಮೆಯಾಗುವುದಿಲ್ಲ. ಆರೋಗ್ಯವಾಗಿದ್ದಾಗ ಏನು ಮಾಡುತ್ತಿದ್ದರೋ ಅದೇ ರೋಗಿಯ ಲೆಕ್ಕಕ್ಕೆ ಬರೆಯಲಾಗುತ್ತದೆ ಎಂಬ ಹದೀಸ್ ಇದೆ.

'ಆಗುವುದಿಲ್ಲ' ಎಂದರೆ ಎಷ್ಟು?

ಕಾಲು ನೋಯುತ್ತದೆ ಎಂದ ಕೂಡಲೇ ಕುರ್ಚಿ ಎಳೆದುಕೊಳ್ಳುವಂತಿಲ್ಲ. ಬಿದ್ದು ಹೋಗುವ ತನಕ ನಿಂತಿರಬೇಕು ಎಂದೂ ಇಲ್ಲ. ನಿಂತರೆ ಕುಸಿದು ಬೀಳುವ ಭಯ, ತಲೆ ಸುತ್ತುವುದು, ತಡೆಯಲಾರದ ನೋವು, ಕಾಯಿಲೆ ಹೆಚ್ಚಾಗುವ ಅಥವಾ ಗುಣವಾಗುವುದು ತಡವಾಗುವ ಸಂಭವ, ಇವುಗಳಲ್ಲಿ ಯಾವುದಿದ್ದರೂ ಅದು 'ಆಗುವುದಿಲ್ಲ' ಎನಿಸಿಕೊಳ್ಳುತ್ತದೆ. ತನ್ನದೇ ಅನುಭವದಿಂದ ತಿಳಿದರೂ ಸಾಕು, ಬಲ್ಲ ವೈದ್ಯರು ಬೇಡವೆಂದರೂ ಸಾಕು. ಕಣ್ಣಿನ ಆಪರೇಷನ್ ಆದ ಮೇಲೆ ಕೆಲವು ದಿನ ತಲೆ ತಗ್ಗಿಸಬೇಡಿ ಎಂದು ಡಾಕ್ಟರ್ ಹೇಳಿದ್ದರೆ, ಆ ವ್ಯಕ್ತಿಗೆ ನೋವು ಇಲ್ಲದಿದ್ದರೂ ನೆಲದ ಮೇಲಿನ ಸಜ್ದಾ ಅವರ ಪಾಲಿಗೆ ಆಗದ ಕೆಲಸವೇ.

ಸಹಿಸಬಹುದಾದ ನೋವು, ಸುಸ್ತು, ಬೇಸರ ಇವು ಸಾಲವು. ಮಸೀದಿಯವರೆಗೆ ನಡೆದು ಬಂದು, ಗೇಟಿನ ಬಳಿ ಹತ್ತು ನಿಮಿಷ ನಿಂತು ಮಾತಾಡಿ, ಒಳಗೆ ಬಂದ ಕೂಡಲೇ ಕುರ್ಚಿಯಲ್ಲಿ ಕೂರುವವರು ತಮ್ಮನ್ನು ತಾವೇ ಒಮ್ಮೆ ಕೇಳಿಕೊಳ್ಳಬೇಕು. ಅವರಿಗೆ ಕಷ್ಟವಿರುವುದು ಬಹುಶಃ ನಿಲ್ಲುವುದರಲ್ಲಲ್ಲ, ನೆಲಕ್ಕೆ ಇಳಿದು ಮತ್ತೆ ಏಳುವುದರಲ್ಲಿ.

ಗೋಡೆಗೆ ಒರಗಿಯೋ ಕೋಲು ಊರಿಯೋ ನಿಲ್ಲಲಾಗುವವರು ಹಾಗೆಯೇ ನಿಲ್ಲಬೇಕು ಎನ್ನುತ್ತದೆ ಹನಫಿ ಪಂಥ. ಪೂರ್ತಿ ನಿಲ್ಲಲಾಗದೆ ಒಂದಿಷ್ಟು ಹೊತ್ತು ಮಾತ್ರ ಸಾಧ್ಯವಾದರೆ ಅಷ್ಟು ನಿಂತು ಆಮೇಲೆ ಕೂರಬೇಕು. ಆರಂಭದ 'ಅಲ್ಲಾಹು ಅಕ್ಬರ್' ಹೇಳುವಷ್ಟು ಮಾತ್ರ ಶಕ್ತಿಯಿದ್ದರೆ ಅದನ್ನಾದರೂ ನಿಂತೇ ಹೇಳಬೇಕು. ಮಸೀದಿಗೆ ನಡೆದು ಬರುವಷ್ಟರಲ್ಲಿ ಸುಸ್ತಾಗಿ ಅಲ್ಲಿ ನಿಲ್ಲಲಾಗದು, ಮನೆಯಲ್ಲಾದರೆ ನಿಂತು ಮಾಡಬಹುದು ಎನ್ನುವವರು ಮನೆಯಲ್ಲೇ ನಿಂತು ಮಾಡುವುದು ಲೇಸು ಎಂದು ಹನಫಿ ವಿದ್ವಾಂಸರು ತೀರ್ಪು ಕೊಟ್ಟಿದ್ದಾರೆ. ಸಾಮೂಹಿಕ ನಮಾಜಿನ ಪುಣ್ಯಕ್ಕಿಂತ ನಿಲ್ಲುವ ಕಡ್ಡಾಯ ದೊಡ್ಡದು ಎಂಬುದು ಅವರ ವಾದ.

ಕೂತು ಮಾಡುವ ಬಗೆ

ಕೂರುವುದೆಂದರೆ ಮೊದಲು ನೆನಪಾಗಬೇಕಾದದ್ದು ನೆಲ, ಕುರ್ಚಿಯಲ್ಲ. ನಿಲ್ಲಲು ಮಾತ್ರ ಆಗದೆ, ನೆಲದ ಮೇಲೆ ಕೂತು ಹಣೆಯನ್ನು ನೆಲಕ್ಕಿಡಲು ಆಗುವವರಿಗೆ ಕುರ್ಚಿಯಲ್ಲಿ ಕೂತು ತಲೆಬಾಗಿಸಿದರೆ ಸಾಲದು. ಅವರು ಚಾಪೆಯ ಮೇಲೆ ಕೂತು ನಿಜವಾದ ಸಜ್ದಾವನ್ನೇ ಮಾಡಬೇಕು. ಕೂರುವ ಭಂಗಿ ಇಂಥದೇ ಎಂದು ಕಟ್ಟುನಿಟ್ಟಿಲ್ಲ. ನಮಾಜಿನ ಕೊನೆಯಲ್ಲಿ ಕೂರುವಂತೆ ಮಂಡಿಯೂರಿ ಕೂರಲು ಸಾಧ್ಯವಾದರೆ ಒಳ್ಳೆಯದು, ಆಗದಿದ್ದರೆ ಚಕ್ಕಳಮಕ್ಕಳ ಹಾಕಬಹುದು, ಕಾಲು ಚಾಚಬಹುದು, ಗೋಡೆಗೆ ಒರಗಬಹುದು.

ಕೂತು ಮಾಡುವಾಗ ಕೈಕಟ್ಟುವುದು, ಕುರ್‌ಆನ್ ಓದುವುದು ಎಲ್ಲವೂ ನಿಂತಾಗಿನಂತೆಯೇ. ರುಕೂಗೆ ಬೆನ್ನು ಬಾಗಿಸಿ, ಹಣೆ ಮಂಡಿಗಳ ಮುಂದಕ್ಕೆ ನೇರ ಬರುವಷ್ಟು ತಗ್ಗಬೇಕು. ಅಲ್ಲಿಂದ ನೆಟ್ಟಗಾಗಿ, ಆಮೇಲೆ ಸಜ್ದಾಕ್ಕೆ ಹಣೆಯನ್ನು ನೆಲಕ್ಕಿಡಬೇಕು.

ಹಣೆ ನೆಲಕ್ಕೆ ತಾಗಿಸಲು ಆಗದವರಿಗೆ ಇರುವ ದಾರಿ ಇಶಾರೆ, ಅಂದರೆ ತಲೆಬಾಗಿಸಿ ಸೂಚಿಸುವುದು. ನೆಲದ ಮೇಲೆ ಕೂತವರಿಗೂ ಕುರ್ಚಿಯ ಮೇಲೆ ಕೂತವರಿಗೂ ಇದರ ಕ್ರಮ ಒಂದೇ. ರುಕೂಗೆ ಸ್ವಲ್ಪ ಬಾಗಬೇಕು, ಸಜ್ದಾಕ್ಕೆ ಅದಕ್ಕಿಂತ ಹೆಚ್ಚು ಬಾಗಬೇಕು. ಈ ವ್ಯತ್ಯಾಸ ಅಲಂಕಾರಕ್ಕಲ್ಲ. ಎರಡಕ್ಕೂ ಒಂದೇ ಅಳತೆಯಲ್ಲಿ ಬಾಗಿದರೆ ಸಜ್ದಾ ಆಗಲಿಲ್ಲ ಎಂದೇ ಹನಫಿ ಗ್ರಂಥಗಳು ಹೇಳುತ್ತವೆ. ಕುರ್ಚಿಯಲ್ಲಿ ಆಗುವ ತಪ್ಪುಗಳಲ್ಲಿ ಇದೇ ಹೆಚ್ಚು. ಅವಸರದಲ್ಲಿ ಎರಡೂ ಒಂದೇ ಸಣ್ಣ ತಲೆಯಾಟವಾಗಿ ಬಿಡುತ್ತದೆ. ಪಕ್ಕದಲ್ಲಿ ಕೂತು ನೋಡುವವರಿಗೆ ಇದು ರುಕೂ, ಇದು ಸಜ್ದಾ ಎಂದು ಗೊತ್ತಾಗುವಂತಿದ್ದರೆ ಅಳತೆ ಸರಿ ಇದೆ ಎಂದರ್ಥ.

ಇಶಾರೆ ಮಾಡುವಾಗ ಕೈಗಳು ತೊಡೆ ಅಥವಾ ಮಂಡಿಗಳ ಮೇಲಿರಲಿ. ನೆಲದಂತೆ ಭಾವಿಸಿ ಗಾಳಿಯಲ್ಲಿ ಅಂಗೈ ಚಾಚಬೇಕಾಗಿಲ್ಲ. ದಿಂಬನ್ನೋ ಹಲಗೆಯನ್ನೋ ಕೈಯಲ್ಲಿ ಎತ್ತಿ ಹಣೆಗೆ ತಂದು ತಾಗಿಸುವುದೂ ಬೇಡ. ಪ್ರವಾದಿಯವರು ಒಬ್ಬ ರೋಗಿಯನ್ನು ನೋಡಲು ಹೋದಾಗ ಆತ ದಿಂಬಿನ ಮೇಲೆ ಸಜ್ದಾ ಮಾಡುತ್ತಿದ್ದ. ಅವರು ಅದನ್ನು ತೆಗೆದು ಹಾಕಿ, ಸಾಧ್ಯವಾದರೆ ನೆಲದ ಮೇಲೆ ಮಾಡು, ಇಲ್ಲದಿದ್ದರೆ ತಲೆಬಾಗಿಸಿ ಸೂಚಿಸು, ಸಜ್ದಾವನ್ನು ರುಕೂಗಿಂತ ತಗ್ಗಿಸು ಎಂಬರ್ಥದ ಮಾತು ಹೇಳಿದರೆಂದು ಜಾಬಿರ್ ಅವರ ವರದಿಯಿದೆ. ಆದರೆ ನೆಲದ ಮೇಲೆ ಭದ್ರವಾಗಿ ಇಟ್ಟಿರುವ, ಒಂದು ಗೇಣಿಗಿಂತ ಎತ್ತರವಿಲ್ಲದ ಗಟ್ಟಿ ವಸ್ತುವಿನ ಮೇಲೆ ಹಣೆ ಇಡಲು ಆದರೆ ಅದನ್ನು ನಿಜವಾದ ಸಜ್ದಾ ಎಂದೇ ಹನಫಿಗಳು ಎಣಿಸುತ್ತಾರೆ. ಪೂರ್ತಿ ನೆಲಮಟ್ಟಕ್ಕೆ ಬಾಗಲಾರದವರಿಗೆ ಇದು ಉಪಯೋಗಕ್ಕೆ ಬರುವ ಮಾತು.

ಇನ್ನು ವಿದ್ವಾಂಸರು ಒಮ್ಮತಕ್ಕೆ ಬಾರದ ಒಂದು ಪ್ರಶ್ನೆ ಇದೆ. ನಿಲ್ಲಲು ಆಗುತ್ತದೆ, ಸಜ್ದಾ ಮಾಡಲು ಮಾತ್ರ ಆಗುವುದಿಲ್ಲ, ಅಂಥವರು ಏನು ಮಾಡಬೇಕು? ಹನಫಿ ಪಂಥದ ಪ್ರಸಿದ್ಧ ನಿಲುವಿನ ಪ್ರಕಾರ, ನಿಲ್ಲುವುದು ಸಜ್ದಾಕ್ಕೆ ಏರುವ ದಾರಿ. ಸಜ್ದಾವೇ ಇಲ್ಲದಾಗ ನಿಲ್ಲುವ ಕಡ್ಡಾಯವೂ ಇಲ್ಲ, ಕೂತು ಇಶಾರೆ ಮಾಡಬಹುದು. ಆದರೆ ನಿಲ್ಲುವುದು ತನ್ನಷ್ಟಕ್ಕೆ ತಾನೇ ಒಂದು ಕಡ್ಡಾಯ, ಆದ್ದರಿಂದ ಆ ಭಾಗವನ್ನು ನಿಂತೇ ಮಾಡಬೇಕು ಎಂದು ಹೇಳುವವರು ಹನಫಿಗಳಲ್ಲೂ ಇದ್ದಾರೆ. ಶಾಫಿ ಪಂಥದಲ್ಲಿ ಗೊಂದಲವಿಲ್ಲ, ನಿಲ್ಲಲಾದವರು ನಿಲ್ಲಲೇಬೇಕು. ನಿಂತು ಓದಿ, ನಿಂತಲ್ಲೇ ಬಾಗಿ ರುಕೂ ಮಾಡಿ, ಸಜ್ದಾ ಬಂದಾಗ ಕೂತು ಸಾಧ್ಯವಾದಷ್ಟು ಬಾಗಬೇಕು. ಕರ್ನಾಟಕದ ಮಟ್ಟಿಗೆ ಈ ವ್ಯತ್ಯಾಸ ತಿಳಿದಿರಬೇಕು. ಬಯಲುಸೀಮೆಯ ಉರ್ದು ಮಾತಾಡುವ ಮುಸ್ಲಿಮರು ಬಹುಪಾಲು ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಗಳು. ಒಂದೇ ಕಾಯಿಲೆಯ ಇಬ್ಬರು ಹುಬ್ಬಳ್ಳಿಯಲ್ಲೊಂದು, ಮಂಗಳೂರಿನಲ್ಲೊಂದು ರೀತಿ ನಮಾಜ್ ಮಾಡುತ್ತಿದ್ದರೆ ಒಬ್ಬರದು ತಪ್ಪೆಂದು ತಿಳಿಯಬೇಕಾಗಿಲ್ಲ.

ಮಲಗಿ ಮಾಡುವ ಬಗೆ

ಒರಗಿ ಕೂರಲೂ ಆಗದಿದ್ದರೆ ಮಲಗಿ. ಇಲ್ಲಿ ಮುಖ್ಯ ಪ್ರಶ್ನೆ ಮುಖ ಎತ್ತ ಇರಬೇಕೆಂಬುದು. ಮಕ್ಕಾದ ಕಾಬಾ ಇರುವ ದಿಕ್ಕು ಕಿಬ್ಲಾ. ನಮ್ಮ ರಾಜ್ಯದಿಂದ ಅದು ಪಶ್ಚಿಮ, ಕೊಂಚ ವಾಯವ್ಯದ ಕಡೆಗೆ.

ಮಗ್ಗುಲಾಗಿ ಮಲಗುವುದಾದರೆ ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ ಇಟ್ಟು ಬಲ ಮಗ್ಗುಲಿಗೆ ಹೊರಳಬೇಕು. ಆಗ ಮುಖವೂ ಎದೆಯೂ ಪಶ್ಚಿಮಕ್ಕೆ ತಿರುಗುತ್ತವೆ. ಶಾಫಿಗಳಲ್ಲಿ ಮೊದಲ ಆಯ್ಕೆ ಇದೇ. ಬಲ ಮಗ್ಗುಲು ಆಗದಿದ್ದರೆ ಎಡ, ಅದೂ ಆಗದಿದ್ದರೆ ಅಂಗಾತ.

ಹನಫಿಗಳಲ್ಲಿ ಅಂಗಾತ ಮಲಗುವುದೇ ಮೇಲು, ಮಗ್ಗುಲೂ ನಡೆಯುತ್ತದೆ. ಅಂಗಾತ ಮಲಗುವಾಗ ತಲೆ ಪೂರ್ವಕ್ಕೆ, ಕಾಲು ಪಶ್ಚಿಮಕ್ಕೆ ಬರುತ್ತದೆ. ಕಾಬಾದ ದಿಕ್ಕಿಗೆ ಕಾಲು ಚಾಚಬಾರದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದ ಹಿರಿಯರು ಇದಕ್ಕೆ ಹಿಂಜರಿಯುತ್ತಾರೆ. ಅದಕ್ಕೆಂದೇ ಮಂಡಿಗಳನ್ನು ಮಡಚಿ ಎತ್ತಿಕೊಳ್ಳಬೇಕು, ಕಾಲು ನೇರ ಚಾಚಬಾರದು ಎಂಬ ಸೂಚನೆಯಿದೆ. ಕಾಲು ಮಡಚಲಾಗದವರು ಹಾಗೇ ಬಿಡಬಹುದು, ದೋಷವಿಲ್ಲ. ತಲೆಯ ಕೆಳಗೆ ಎತ್ತರದ ದಿಂಬು ಇಡುವುದನ್ನು ಮಾತ್ರ ಮರೆಯಬಾರದು. ಚಪ್ಪಟೆಯಾಗಿ ಮಲಗಿದರೆ ಮುಖ ಸೂರಿನತ್ತ ಇರುತ್ತದೆ. ತಲೆ ಎತ್ತರವಾದಾಗ ಮುಖ ಕಿಬ್ಲಾದತ್ತ ತಿರುಗುತ್ತದೆ, ತಲೆಯನ್ನು ಮುಂದಕ್ಕೆ ಬಾಗಿಸಲೂ ಜಾಗವಾಗುತ್ತದೆ. ಮಲಗಿದವರ ರುಕೂ ಮತ್ತು ಸಜ್ದಾ ಎಂದರೆ ಈ ತಲೆಬಾಗುವಿಕೆಯೇ. ಗದ್ದವನ್ನು ಎದೆಯತ್ತ ಸ್ವಲ್ಪ ತಂದರೆ ರುಕೂ, ಇನ್ನೂ ಹೆಚ್ಚು ತಂದರೆ ಸಜ್ದಾ.

ತಲೆಯನ್ನೂ ಅಲ್ಲಾಡಿಸಲು ಆಗದಿದ್ದರೆ? ಇಲ್ಲಿ ಎರಡು ಪಂಥಗಳ ದಾರಿ ಬೇರೆಯಾಗುತ್ತದೆ. ಕಣ್ಣು, ಹುಬ್ಬು, ಮನಸ್ಸುಗಳಿಂದ ಮಾಡುವ ಸೂಚನೆ ನಮಾಜ್ ಆಗದು, ಆ ಸ್ಥಿತಿಯಲ್ಲಿ ನಮಾಜನ್ನು ಮುಂದಕ್ಕೆ ಬಿಡಬೇಕು ಎನ್ನುತ್ತದೆ ಹನಫಿ ಪಂಥ. ಐದು ನಮಾಜುಗಳೊಳಗೆ ಚೇತರಿಸಿಕೊಂಡರೆ ತಪ್ಪಿದ್ದನ್ನು ಆಮೇಲೆ ಪೂರೈಸಬೇಕು. ಅದಕ್ಕಿಂತ ಹೆಚ್ಚು ಕಾಲ ಹಾಗೆಯೇ ಉಳಿದರೆ ಆ ನಮಾಜುಗಳ ಹೊಣೆಯೇ ಇಳಿದು ಹೋಗುತ್ತದೆ. ಶಾಫಿಗಳು ಹೇಳುವುದು ಬೇರೆ. ತಲೆ ಆಗದಿದ್ದರೆ ಕಣ್ಣೆವೆಯಿಂದ ಸೂಚಿಸಬೇಕು, ಅದೂ ಆಗದಿದ್ದರೆ ನಮಾಜಿನ ಒಂದೊಂದು ಹಂತವನ್ನೂ ಮನಸ್ಸಿನಲ್ಲೇ ನಡೆಸಬೇಕು. ಬುದ್ಧಿ ನೆಟ್ಟಗಿರುವ ತನಕ ನಮಾಜ್ ತಪ್ಪದು.

ಒಂದು ಮನೆಯ ಉದಾಹರಣೆ

ನಿಯಮಗಳು ಹೇಗೆ ಬದಲಾಗುತ್ತ ಹೋಗುತ್ತವೆ ಎನ್ನುವುದನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಹನಫಿ ಮನೆಯೊಂದರ ಅಜ್ಜಿ, ವಯಸ್ಸು 74 ಎಂದುಕೊಳ್ಳಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಕಾಯುತ್ತಿದ್ದಾರೆ. ಏಳುವಂತಿಲ್ಲ, ಹೊರಳುವಂತಿಲ್ಲ.

"ನೀರು ಮುಟ್ಟೋಕಾಗಲ್ಲ, ಮಂಚ ಬಿಟ್ಟು ಏಳೋಕಾಗಲ್ಲ, ನನ್ನ ನಮಾಜ್ ಹೋಯ್ತಲ್ಲ ಬೇಟಾ" ಎಂದು ಅವರು ಕಣ್ಣೀರು ಹಾಕುತ್ತಾರೆ.

"ಹೋಗಿಲ್ಲ ದಾದಿ, ತಲೆ ಆಡಿಸೋಕೆ ಆಗುತ್ತಲ್ಲ, ಅಷ್ಟು ಸಾಕಂತೆ" ಎನ್ನುತ್ತಾನೆ ಮೊಮ್ಮಗ.

ಮೊದಲು ಶುದ್ಧಿ. ಮಲಗಿದಲ್ಲೇ ಇನ್ನೊಬ್ಬರು ಮಗ್ಗಿನಲ್ಲಿ ನೀರು ತಂದು, ಕೆಳಗೆ ಬೇಸಿನ್ ಹಿಡಿದು ಮುಖ, ಕೈ, ಕಾಲು ತೊಳೆಸಲು ಆಗುವುದಾದರೆ ಅದೇ ವುಝೂ. ನೀರಿನಿಂದ ತೊಂದರೆ ಎಂದಾದರೆ ತಯಮ್ಮುಮ್, ಅಂದರೆ ಮಣ್ಣಿನ ಶುದ್ಧಿ. ಒಂದು ಸ್ವಚ್ಛವಾದ ಇಟ್ಟಿಗೆಯನ್ನು ಮೊಮ್ಮಗ ಚೀಲದಲ್ಲಿ ತಂದಿಟ್ಟರೆ ಹನಫಿಗಳಿಗೆ ಅಷ್ಟು ಸಾಕು. ಮನಸ್ಸಿನಲ್ಲಿ ಸಂಕಲ್ಪ ಮಾಡಿ, ಎರಡೂ ಅಂಗೈಗಳನ್ನು ಇಟ್ಟಿಗೆಗೆ ತಟ್ಟಿ ಇಡೀ ಮುಖ ಸವರಿಕೊಳ್ಳಬೇಕು. ಮತ್ತೊಮ್ಮೆ ತಟ್ಟಿ ಎರಡೂ ಕೈಗಳನ್ನು ಮೊಣಕೈ ಸಮೇತ ಸವರಬೇಕು. ಶಾಫಿಗಳಿಗಾದರೆ ಕೈಗೆ ಅಂಟುವ ಧೂಳು ಇರುವ ಮಣ್ಣೇ ಆಗಬೇಕು, ಅವರು ಒಂದು ಡಬ್ಬಿಯಲ್ಲಿ ಶುದ್ಧ ಮಣ್ಣು ಇಟ್ಟುಕೊಳ್ಳುವುದು ಒಳ್ಳೆಯದು.

ಅಜ್ಜಿಗೆ ಮೂತ್ರದ ನಳಿಕೆ ಹಾಕಿದ್ದಾರೆ. ಮೂತ್ರ ಸದಾ ಚೀಲಕ್ಕೆ ಇಳಿಯುತ್ತಿದ್ದರೆ ವುಝೂ ನಿಲ್ಲುವುದು ಹೇಗೆ? ಇಂಥವರನ್ನು ಮಾಝೂರ್ ಎನ್ನುತ್ತಾರೆ. ಒಂದು ನಮಾಜಿನ ವೇಳೆಗೆ ಒಂದು ವುಝೂ ಸಾಕು. ಆ ವೇಳೆ ಮುಗಿಯುವ ತನಕ ನಳಿಕೆಯ ಕಾರಣಕ್ಕೆ ಅದು ಮುರಿಯುವುದಿಲ್ಲ, ಮುಂದಿನ ವೇಳೆಗೆ ಹೊಸದಾಗಿ ಮಾಡಿಕೊಳ್ಳಬೇಕು. ಶಾಫಿಗಳು ಪ್ರತಿ ಫರ್ಜ್ ನಮಾಜಿಗೂ ವೇಳೆ ಆದ ಮೇಲೆ ಹೊಸ ವುಝೂ ಬೇಕೆನ್ನುತ್ತಾರೆ.

ನಂತರ ದಿಕ್ಕು. ವಾರ್ಡಿನ ಮಂಚ ಉತ್ತರ ದಕ್ಷಿಣವಾಗಿದ್ದು, ತಿರುಗಿಸಲು ಜಾಗವಿಲ್ಲ, ಅಜ್ಜಿಯನ್ನು ಹೊರಳಿಸುವಂತೆಯೂ ಇಲ್ಲ. ಹಾಗಿದ್ದರೆ ಇದ್ದ ದಿಕ್ಕಿನಲ್ಲೇ ನಮಾಜ್ ಮಾಡಬಹುದು. ಮಧ್ಯಾಹ್ನದ ಝುಹರ್‌ನ 4 ರಕಅತ್ ಫರ್ಜ್ ಅವರು ಮಾಡುವುದು ಹೀಗೆ. ತಲೆದಿಂಬು ಎತ್ತರಿಸಿ, ಕೈಯೆತ್ತಲು ಆದರೆ ಎತ್ತಿ 'ಅಲ್ಲಾಹು ಅಕ್ಬರ್' ಎಂದು ಕೈಕಟ್ಟುತ್ತಾರೆ. ಫಾತಿಹಾ ಮತ್ತು ಒಂದು ಸಣ್ಣ ಸೂರಾವನ್ನು ತುಟಿಯಾಡಿಸಿ ಓದುತ್ತಾರೆ. ತಲೆಯನ್ನು ಸ್ವಲ್ಪ ಬಾಗಿಸಿ ರುಕೂವಿನ ತಸ್ಬೀಹ್ ಹೇಳುತ್ತಾರೆ, ತಲೆಯನ್ನು ದಿಂಬಿಗೆ ತರುತ್ತಾರೆ. ಮತ್ತೆ ಇನ್ನಷ್ಟು ಬಾಗಿಸಿ ಮೊದಲ ಸಜ್ದಾ, ತಲೆ ದಿಂಬಿಗೆ, ಪುನಃ ಅಷ್ಟೇ ಬಾಗಿಸಿ ಎರಡನೇ ಸಜ್ದಾ. ಇದು ಒಂದು ರಕಅತ್. ಎರಡನೇ ರಕಅತ್ ಮುಗಿದಾಗ ಮತ್ತು ನಾಲ್ಕನೆಯದು ಮುಗಿದಾಗ ಕೂತು ಓದುವ ಅತ್ತಹಿಯ್ಯಾತನ್ನು ಮಲಗಿಯೇ ಓದಿ, ಕೊನೆಗೆ ಮುಖವನ್ನು ಆದಷ್ಟು ಬಲಕ್ಕೂ ಎಡಕ್ಕೂ ತಿರುಗಿಸಿ ಸಲಾಂ ಹೇಳುತ್ತಾರೆ. ಸುನ್ನತ್‌ಗಳನ್ನು ಮಾಡಲು ತ್ರಾಣವಿಲ್ಲದಿದ್ದರೆ ಬಿಡಬಹುದು, ಫರ್ಜ್ ಬಿಡುವಂತಿಲ್ಲ. ಇಶಾ ಜೊತೆಗಿನ ವಿತರ್ ಹನಫಿಗಳಿಗೆ ವಾಜಿಬ್ ಆದ್ದರಿಂದ ಅದನ್ನೂ ಉಳಿಸಿಕೊಳ್ಳಬೇಕು.

ಮರುದಿನ ಆಪರೇಷನ್. ಅರಿವಳಿಕೆಯ ಮಂಪರಿನಲ್ಲಿ ಅಸರ್ ಮತ್ತು ಮಗ್ರಿಬ್ ಕಳೆದುಹೋದವು. ಎಚ್ಚರವಾದ ಮೇಲೆ ಅವೆರಡನ್ನು ಕಝಾ ಎಂದು ಅದೇ ಕ್ರಮದಲ್ಲಿ ಪೂರೈಸಿ ಇಶಾ ಮಾಡಬೇಕು. ಕಝಾವನ್ನೂ ಮಲಗಿಯೇ ಮಾಡಬಹುದು. ಸಾಧ್ಯಾಸಾಧ್ಯಗಳನ್ನು ಅಳೆಯುವುದು ಮಾಡುವ ಹೊತ್ತಿನ ಶಕ್ತಿಯಿಂದ.

ಎರಡು ಮೂರು ದಿನಗಳ ನಂತರ ಮಂಚದ ತಲೆಭಾಗ ಎತ್ತಿ ಒರಗಿಸಿ ಕೂರಿಸುತ್ತಾರೆ. ಅಂದಿನಿಂದ ಮಲಗಿ ಮಾಡುವ ಅನುಮತಿ ಮುಗಿಯಿತು. ಒರಗಿ ಕೂತು, ತಲೆ ಮತ್ತು ಮೈ ಬಾಗಿಸಿ ಇಶಾರೆ ಮಾಡಬೇಕು. ವಾರ ಕಳೆದು ವಾಕರ್ ಹಿಡಿದು ನಿಲ್ಲುವಂತಾದಾಗ ಪ್ರಶ್ನೆ ಮತ್ತೆ ಏಳುತ್ತದೆ. ಸೊಂಟ ಹೆಚ್ಚು ಬಾಗಿಸಬೇಡಿ, ನೆಲದ ಮೇಲೆ ಕೂರಬೇಡಿ ಎಂದು ಡಾಕ್ಟರ್ ಹೇಳಿರುವುದರಿಂದ ಸಜ್ದಾ ಸಾಧ್ಯವಿಲ್ಲ. ಹನಫಿಗಳ ಪ್ರಸಿದ್ಧ ನಿಲುವಿನಂತೆ ಅವರು ಕುರ್ಚಿಯಲ್ಲಿ ಕೂತು ಇಶಾರೆಯಲ್ಲೇ ಮುಂದುವರಿಸಬಹುದು. ಎರಡನೆಯ ನಿಲುವನ್ನು ಅನುಸರಿಸುವವರಾದರೆ, ಆಗುವಷ್ಟು ಹೊತ್ತು ವಾಕರ್ ಹಿಡಿದು ನಿಂತು ಓದಿ ಆಮೇಲೆ ಕುರ್ಚಿಗೆ ಇಳಿಯಬೇಕು. ಪೂರ್ತಿ ಗುಣವಾದ ಮೇಲೆ, ಮಲಗಿ ಕೂತು ಮಾಡಿದ ಆ ನಮಾಜುಗಳನ್ನು ಮತ್ತೊಮ್ಮೆ ಮಾಡಬೇಕೇ? ಬೇಡ. ಅವು ಪೂರ್ಣ ನಮಾಜುಗಳೇ.

ನಮಾಜಿನ ನಡುವೆಯೇ ಸ್ಥಿತಿ ಬದಲಾಗುವುದೂ ಉಂಟು. ನಿಂತು ಶುರುಮಾಡಿದವರಿಗೆ ತಲೆಸುತ್ತು ಬಂದರೆ ಅಲ್ಲಿಂದಲೇ ಕೂತು ಮುಂದುವರಿಸಬಹುದು, ಮೊದಲಿನಿಂದ ಮಾಡಬೇಕಾಗಿಲ್ಲ. ಕೂತು ರುಕೂ ಸಜ್ದಾ ಮಾಡುತ್ತಿದ್ದವರಿಗೆ ನಿಲ್ಲುವ ಶಕ್ತಿ ಬಂದರೆ ಎದ್ದು ನಿಂತು ಉಳಿದದ್ದನ್ನು ಮುಗಿಸಬೇಕು. ಬರೀ ಇಶಾರೆಯಿಂದ ಮಾಡುತ್ತಿದ್ದವರಿಗೆ ನಡುವೆ ಸಜ್ದಾ ಸಾಧ್ಯವಾದರೆ ಮಾತ್ರ ಹನಫಿಗಳ ಪ್ರಕಾರ ಹೊಸದಾಗಿ ಶುರುಮಾಡಬೇಕು.

ಮಸೀದಿಯ ಸಾಲಿನಲ್ಲಿ ಕುರ್ಚಿ

ಜಮಾಅತಿನಲ್ಲಿ ಭುಜಕ್ಕೆ ಭುಜ ಸೇರಿ ಸಾಲು ನೇರವಾಗಿರಬೇಕು. ಇಡೀ ನಮಾಜನ್ನು ಕೂತೇ ಮಾಡುವವರು ಕುರ್ಚಿಯ ಹಿಂದಿನ ಕಾಲುಗಳನ್ನು ಪಕ್ಕದವರ ಹಿಮ್ಮಡಿಯ ಸಾಲಿಗೆ ಇಟ್ಟರೆ ಭುಜ ಸರಿಹೊಂದುತ್ತದೆ. ಒಂದಿಷ್ಟು ಹೊತ್ತು ನಿಲ್ಲುವವರ ಸಮಸ್ಯೆ ಬೇರೆ. ಕುರ್ಚಿಯನ್ನು ಹಾಗೆ ಇಟ್ಟರೆ ನಿಂತಾಗ ಸಾಲಿನಿಂದ ಮುಂದೆ ಬರುತ್ತಾರೆ, ಹಿಂದಕ್ಕೆ ಸರಿಸಿದರೆ ಹಿಂದಿನ ಸಾಲಿನವರ ಸಜ್ದಾದ ಜಾಗಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಕುರ್ಚಿಗಳಿಗೆ ಸಾಲಿನ ತುದಿ ಅಥವಾ ಕೊನೆಯ ಸಾಲೇ ಒಳ್ಳೆಯ ಜಾಗ. ಇದನ್ನು ಮಸೀದಿ ಕಮಿಟಿಯವರು ಮೊದಲೇ ಗೊತ್ತುಮಾಡಿಟ್ಟರೆ ಹಿರಿಯರು ನಮಾಜಿನ ಹೊತ್ತಿಗೆ ಕುರ್ಚಿ ಹುಡುಕುವ ಕಷ್ಟ ತಪ್ಪುತ್ತದೆ.

ಹಲವು ಮನೆಗಳಲ್ಲಿ ಇರುವ ಒಂದು ತಪ್ಪು ನಂಬಿಕೆಯನ್ನೂ ಇಲ್ಲಿ ಹೇಳಲೇಬೇಕು. ಉಪವಾಸ ಹಿಡಿಯಲಾಗದ ಹಿರಿಯರ ಪರವಾಗಿ ಬಡವರಿಗೆ ಊಟ ಕೊಡುವ ಫಿದಿಯಾ ಇರುವುದರಿಂದ, ನಮಾಜಿಗೂ ಹಾಗೆಯೇ ಹಣ ಕೊಟ್ಟರೆ ಆಯಿತು ಎಂದುಕೊಳ್ಳುತ್ತಾರೆ. ಬದುಕಿರುವ ರೋಗಿಯ ನಮಾಜಿಗೆ ಫಿದಿಯಾ ಇಲ್ಲ. ಮಗ ತಂದೆಯ ಪರವಾಗಿ ನಮಾಜ್ ಮಾಡಿ ಮುಗಿಸುವಂತೆಯೂ ಇಲ್ಲ. ಬುದ್ಧಿ ಇರುವ ತನಕ, ತಲೆ ಅಲ್ಲಾಡುವ ತನಕ, ಮಾಡಬೇಕಾದವರು ಅವರೇ. ಹಾಗಾಗಿಯೇ ಮನೆಯವರ ಸಹಾಯ ಬೇಕಾಗುವುದು. ವೇಳೆ ಆಯಿತೆಂದು ತಿಳಿಸುವುದು, ನೀರು ಅಥವಾ ಇಟ್ಟಿಗೆ ಹಿಡಿಯುವುದು, ದಿಂಬು ಎತ್ತರಿಸುವುದು, ಆದರೆ ಮಂಚ ತಿರುಗಿಸುವುದು ಇವಿಷ್ಟು ಅವರ ಪಾಲಿನ ಕೆಲಸ. ಎಷ್ಟು ರಕಅತ್ ಆಯಿತೆಂದು ಮರೆಯುವ ಹಿರಿಯರ ಪಕ್ಕದಲ್ಲಿ ಕೂತು ನೆನಪಿಸುವವರೊಬ್ಬರು ಇರಲೂಬಹುದು.

ಕೊನೆಯದಾಗಿ, ಮೌಲಾನಾ ಅಥವಾ ಉಸ್ತಾದರನ್ನು ಕೇಳುವ ಬಗೆ. 'ನನಗೆ ಮಂಡಿನೋವು, ಕುರ್ಚಿಯಲ್ಲಿ ಮಾಡಬಹುದೇ?' ಎಂದು ಕೇಳಿದರೆ ಅವರು ಸರಿಯಾದ ಉತ್ತರ ಕೊಡಲಾರರು, ಏಕೆಂದರೆ ಆ ಪ್ರಶ್ನೆಯಲ್ಲಿ ಬೇಕಾದ ಸಂಗತಿಯೇ ಇಲ್ಲ. ನಾಲ್ಕು ವಿಷಯ ಹೇಳಿ: ಆಸರೆ ಹಿಡಿದಾದರೂ ಎಷ್ಟು ಹೊತ್ತು ನಿಲ್ಲಬಲ್ಲಿರಿ, ನಿಂತು ಬಾಗಬಲ್ಲಿರಾ, ನೆಲದ ಮೇಲೆ ಕೂರಬಲ್ಲಿರಾ, ಹಣೆ ನೆಲಕ್ಕೆ ಮುಟ್ಟಿಸಬಲ್ಲಿರಾ. ಡಾಕ್ಟರ್ ಏನನ್ನು ಬೇಡವೆಂದಿದ್ದಾರೆ ಎನ್ನುವುದನ್ನೂ ಸೇರಿಸಿ. ಕಾಯಿಲೆ ಬದಲಾದಾಗ ಮತ್ತೆ ಕೇಳಿ, ಏಕೆಂದರೆ ಹೋದ ವರ್ಷದ ಅನುಮತಿ ಈ ವರ್ಷದ ದೇಹಕ್ಕೆ ಅನ್ವಯಿಸದೆ ಇರಬಹುದು. ಆಗದ್ದನ್ನು ಮಾಡಲು ಹೋಗಿ ಬಿದ್ದು ಕಾಲು ಮುರಿದುಕೊಳ್ಳಬೇಡಿ, ಆಗುವುದನ್ನು ಕುರ್ಚಿಗೆ ಬಿಟ್ಟುಕೊಡಬೇಡಿ.